ವಿಶಾಲಮ್ಮನಿಗೆ ಓದಿ ಹೇಳಿದ್ದು

ಚಾಮರಾಜಪೇಟೆಯ ಟ್ರಸ್ಟ್ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ ಗಂಡಸರ ವಾರ್ಡು. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ಪ್ರತಿಭಾ ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ರೋಗಿಗಳು ಮನೆಗೆ ಹೊರಡುವ ದಿನ ಡಿಸ್ಚಾರ್ಜ್ ಸಮರಿಯನ್ನು ಕೈಗೆ ಕೊಟ್ಟು, ಅದರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದು ಅವಳ ಪಾಲಿನ ಕೆಲಸ. ಬಿಡುವಿದ್ದ ದಿನ ಅದಕ್ಕೆ ಹತ್ತು ನಿಮಿಷ ಸಿಗುತ್ತಿತ್ತು, ಇಲ್ಲದ ದಿನ ಎರಡು. "ಬೆಳಿಗ್ಗೆ ಒಂದು, ರಾತ್ರಿ ಒಂದು, ಉಪ್ಪು ಕಮ್ಮಿ ಮಾಡಿ, ವಾರ ಬಿಟ್ಟು ಬನ್ನಿ, ಇಲ್ಲೊಂದು ಸಹಿ ಹಾಕಿ." ಎಷ್ಟು ಸಾವಿರ ಜನರಿಗೆ ಹೇಳಿದ್ದಳೋ, ಈಗ ಅದು ಅವಳ ಬಾಯಿಂದ ಮಗ್ಗಿಯ ಹಾಗೆ ತಾನೇ ಉರುಳಿಕೊಂಡು ಬರುತ್ತಿತ್ತು.

ಆ ಮಂಗಳವಾರ ಹೊರಡಬೇಕಾಗಿದ್ದವರು ಹದಿಮೂರನೇ ಹಾಸಿಗೆಯ ಮಾಯಣ್ಣ. ವಯಸ್ಸು ಎಪ್ಪತ್ತೊಂಬತ್ತು. ಶ್ರೀರಾಂಪುರದ ಮನೆಯಲ್ಲಿ ಹೆಂಡತಿ ವಿಶಾಲಮ್ಮ, ಮಗ ಗೌರೀಶ್, ಸೊಸೆ, ಇಬ್ಬರು ಮೊಮ್ಮಕ್ಕಳು. ಪ್ರಾಯದಲ್ಲಿ ಬಿನ್ನಿ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಮಾಮೂಲ್‌ಪೇಟೆಯಲ್ಲಿ ಬಳೆ, ಕ್ಲಿಪ್ಪು, ಫ್ಯಾನ್ಸಿ ಸಾಮಾನಿನ ಅಂಗಡಿ ಇಟ್ಟರು. ಈಗ ಅದನ್ನು ಗೌರೀಶ್ ನೋಡಿಕೊಳ್ಳುತ್ತಾನೆ.

ಎಂಟು ದಿನದ ಹಿಂದೆ ಅವರನ್ನು ಕರೆತಂದಾಗ ಉಸಿರಿಗೆ ಒದ್ದಾಡುತ್ತಿದ್ದರು. ಮಲಗಿಸಿದರೆ ಉಸಿರೇ ಸಿಗುತ್ತಿರಲಿಲ್ಲ. ಕಾಲು ಮೊಣಕಾಲಿನ ತನಕ ಊದಿತ್ತು, ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಸೋತ ಹೃದಯ ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಶ್ವಾಸಕೋಶದಲ್ಲಿ ನೀರು ನಿಂತಿತ್ತು. ಕಿಡ್ನಿಯೂ ಬಳಲಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಎದೆಬಡಿತ ಯಾವಾಗ ತಪ್ಪುತ್ತದೋ ಅನ್ನುವ ಹಾಗಿತ್ತು. ಎರಡು ದಿನ ಐಸಿಯುನಲ್ಲಿಟ್ಟು, ಆಮೇಲೆ ವಾರ್ಡಿಗೆ ತಂದು, ಇಂಜೆಕ್ಷನ್ನಿನಿಂದ ಆರೂವರೆ ಕೆಜಿ ನೀರು ಇಳಿಸಿದ್ದರು. ಈಗ ತೂಕ ಐವತ್ತೇಳೂವರೆ. ಇದೇ ಕಾಯಿಲೆಗೆ ಮೂರು ತಿಂಗಳ ಹಿಂದೆಯೂ ನಾಲ್ಕು ದಿನ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇದ್ದು ಹೋಗಿದ್ದರಂತೆ.

ಬೆಳಗಿನ ರೌಂಡಿನಲ್ಲಿ ಡಾಕ್ಟರ್ ಶ್ರೀಹರಿ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಕಾಲು ಒತ್ತಿ ನೋಡಿ, "ಸ್ಟೇಬಲ್ ಇದಾರೆ, ಇವತ್ತು ಮನೆಗೆ ಕರ್ಕೊಂಡ್ ಹೋಗಿ" ಅಂದರು. ಆಮೇಲೆ ಗೌರೀಶನನ್ನು ಮಾತ್ರ ಕಾರಿಡಾರಿಗೆ ಕರೆದು ಅರ್ಧ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಒಳಗೆ ಬಂದವನ ಮುಖ ಕಪ್ಪಿಟ್ಟಿತ್ತು. ಆದರೂ, "ಅಮ್ಮ, ಸ್ಟೇಬಲ್ ಅಂತೆ. ಹೊರಡೋಣ" ಅಂದ.

"ಹಂಗಂದ್ರೆ ವಾಸಿ ಆಯ್ತು ಅಂತಾನಾ?" ವಿಶಾಲಮ್ಮ ಕೇಳಿದರು.

"ಹೂಂ, ಅಂಗೇ ಅನ್ಕೊ" ಎಂದು ಅವನು ಇನ್ಶೂರೆನ್ಸಿನ ಕಾಗದ ಹಿಡಿದು ಕೆಳಗೆ ಹೋದ. ವಿಶಾಲಮ್ಮ ಬಾಗಿಲ ಮೇಲಿನ ಗಣೇಶನ ಪಟಕ್ಕೆ ಅಲ್ಲಿಂದಲೇ ಕೈ ಮುಗಿದರು.

ಹನ್ನೊಂದರ ಹೊತ್ತಿಗೆ ಟೈಪಾದ ಸಮರಿ ಬಂತು, ನಾಲ್ಕು ಹಾಳೆ. ಪ್ರತಿಭಾ ಅದನ್ನು ಹಿಡಿದು ಹದಿಮೂರನೇ ಹಾಸಿಗೆಯ ಹತ್ತಿರ ಬಂದಾಗ ಗೌರೀಶ್ ಇನ್ನೂ ಕೆಳಗೇ ಇದ್ದ. ಮಾಯಣ್ಣ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ವಿಶಾಲಮ್ಮ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು.

"ನಿಮ್ ಮಗ ಬರ್ಲಿ ಅಮ್ಮ, ಅವ್ರಿಗೆ ಎಲ್ಲಾ ಹೇಳ್ತೀನಿ" ಎಂದು ಪ್ರತಿಭಾ ತಿರುಗಿದಳು.

"ಅವ್ನಿಗ್ಯಾಕೆ?" ಅಂದರು ವಿಶಾಲಮ್ಮ. "ಮಾತ್ರೆ ಕೊಡೋಳು ನಾನು. ಅಡಿಗೆ ಮಾಡಿ ಹಾಕೋಳು ನಾನು. ಹೋದ್ಸಾರಿನೂ ಅವ್ನಿಗೇ ಹೇಳಿದ್ರಿ. ಅವ್ನು ಮನೇಲಿರೋದು ಎಷ್ಟೊತ್ತು ತಾಯಿ? ನಂಗೆ ಹೇಳು."

ಪ್ರತಿಭಾ ಸ್ಟೂಲು ಎಳೆದು ಕೂತಳು. ಕೂತು ಹೇಳಿ ಎಷ್ಟು ದಿನವಾಗಿತ್ತೋ.

ಮೊದಲು ಮಾತ್ರೆ. ವಿಶಾಲಮ್ಮ ಮನೆಯಿಂದ ತಂದಿದ್ದ ಬಿಸ್ಕತ್ತಿನ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದರು. ಹಳೆಯ ಪಟ್ಟಿ, ಹೊಸ ಪಟ್ಟಿ ಎಲ್ಲಾ ಕಲಸಿಕೊಂಡಿದ್ದವು. ಪ್ರತಿಭಾ ಒಂದೊಂದನ್ನೇ ಎತ್ತಿ ಸಮರಿಯ ಜೊತೆ ಹೋಲಿಸಿದಳು. "ಇದು ಮೈಯಲ್ಲಿರೋ ನೀರು ತೆಗೆಯೋದು. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು ಗಂಟೆ ಒಳಗೆ ಇನ್ನೊಂದು. ಆಮೇಲೆ ಕೊಟ್ರೆ ರಾತ್ರಿಯೆಲ್ಲಾ ಏಳ್ತಾನೇ ಇರ್ಬೇಕಾಗುತ್ತೆ. ಇದು ರಕ್ತ ಗಟ್ಟಿಯಾಗ್ದೇ ಇರೋಕೆ, ಊಟ ಆದ್ಮೇಲೆ. ಈ ಬಿಳೀದು ಹೋದ್ಸಾರಿ ಕೊಟ್ಟಿದ್ದು, ಈಗ ನಿಲ್ಸಿದಾರೆ. ಇದ್ರಿಂದ ಪೊಟ್ಯಾಸಿಯಂ ಏರುತ್ತೆ. ನಾನೇ ಇಟ್ಕೋತೀನಿ, ಮನೇಲಿ ಇರೋದೇ ಬೇಡ. ಇದ್ಯಾವ್ದಮ್ಮ?"

"ಅದು ಮಂಡಿ ನೋವಿಗೆ. ಮೆಡಿಕಲ್ ಶಾಪಲ್ಲಿ ಕೊಟ್ಟಿದ್ದು."

"ಇದನ್ನ ಕೊಡ್ಲೇಬೇಡಿ. ಇದು ಕಿಡ್ನಿಗೆ ಏಟು, ಮೈಯಲ್ಲಿ ನೀರೂ ನಿಲ್ಸುತ್ತೆ. ನೋವಂದ್ರೆ ನಮ್ಮನ್ನ ಕೇಳಿ, ಬೇರೆ ಬರ್ಕೊಡ್ತಾರೆ."

ವಿಶಾಲಮ್ಮ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ಪ್ರತಿಭಾ ಉಪ್ಪಿನ ಸಾಲಿಗೆ ಬಂದಳು. ಇಡೀ ದಿನಕ್ಕೆ ಅವರ ಪಾಲಿಗೆ ಒಂದು ಸಣ್ಣ ಚಮಚಕ್ಕಿಂತ ಕಮ್ಮಿ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಬೇಡ. ಕಮ್ಮಿ ಉಪ್ಪು ಅಂತ ಪ್ಯಾಕೆಟ್ಟಿನಲ್ಲಿ ಸಿಗುವ ಬೇರೆ ಥರದ ಉಪ್ಪಂತೂ ಬೇಡವೇ ಬೇಡ, ಅದರಲ್ಲೂ ಇದೇ ಪೊಟ್ಯಾಸಿಯಂ.

"ಇನ್ನು ನೀರು. ದಿನಕ್ಕೆ ಆರು ಲೋಟ, ಅಷ್ಟೇ. ಈ ಅಳತೆ ಲೋಟದಲ್ಲಿ. ಕಾಫಿ, ಹಾಲು, ಮಜ್ಜಿಗೆ, ಸಾರು, ಗಂಜಿ, ಮಾತ್ರೆ ನುಂಗೋ ನೀರು, ಎಲ್ಲಾ ಸೇರಿ ಆರು. ಎಳನೀರು, ಹಣ್ಣಿನ ಜ್ಯೂಸು ಒಂದು ಹನೀನೂ ಬೇಡ."

ತಲೆಯಾಡಿಸುವುದು ನಿಂತಿತು.

"ಎಳನೀರು ಬೇಡ್ವಾ?"

"ಬೇಡಮ್ಮ. ಅದ್ರಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತೆ. ಕಿಡ್ನಿ ಚೆನ್ನಾಗಿದ್ರೆ ಅದನ್ನ ಆಚೆ ಹಾಕುತ್ತೆ. ಯಜಮಾನ್ರ ಕಿಡ್ನಿಗೆ ಆಗ್ತಿಲ್ಲ. ರಕ್ತದಲ್ಲೇ ನಿಂತ್ರೆ ಹೃದಯಕ್ಕೆ ತೊಂದ್ರೆ."

ವಿಶಾಲಮ್ಮ ಮಡಿಸುತ್ತಿದ್ದ ಪಂಚೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಯಾರದೋ ವಿಷಯ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು. "ನಾನು ದಿನಾ ಎರಡು ಕೊಡ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಮಾರ್ಕೆಟ್ ಹತ್ರ ಹೋಗಿ ನಾನೇ ಆರಿಸ್ಕೊಂಡ್ ತರ್ತಿದ್ದೆ. ಒಂದಕ್ಕೆ ಸರಿಯಾಗಿ ಹೋಗ್ತಿಲ್ಲ, ಕಾಲು ಊದ್ತಿದೆ, ಉಷ್ಣ ಆಗಿದೆ ಅನ್ಕೊಂಡೆ. ನೀರು ಕುಡಿದಷ್ಟೂ ಕಿಡ್ನಿಗೆ ಒಳ್ಳೇದು ಅಂತಾರಲ್ಲ. ಅವ್ರು ಸಾಕು ಅಂದ್ರೂ ಬಿಡ್ತಿರ್ಲಿಲ್ಲ. ಬೈದು ಕುಡಿಸ್ತಿದ್ದೆ." ತಲೆಯೆತ್ತಿ ಪ್ರತಿಭಾಳ ಮುಖ ನೋಡಿದರು. "ಹಂಗಾದ್ರೆ ನಾನೇ ಮಾಡಿದ್ನಾ ತಾಯಿ?"

"ಅಯ್ಯೋ, ಇಲ್ಲಮ್ಮ. ಹಂಗೆಲ್ಲಾ ಏನಿಲ್ಲ." ಮಾತು ತಾನಾಗಿಯೇ ಬಾಯಿಂದ ಬಿತ್ತು. ಇಂಥ ಕಡೆ ಅವಳು ಯಾವಾಗಲೂ ಹೇಳುತ್ತಿದ್ದ ಮಾತೇ ಅದು.

"ಸುಳ್ಳು ಹೇಳ್ಬೇಡ." ವಿಶಾಲಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಚೀಲದ ತಳಕ್ಕೆ ಕೈಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದರೊಳಗೆ ಮೂರು ತಿಂಗಳ ಹಿಂದಿನ ಸಮರಿ, ಮಡಿಕೆ ಕೆಡದ ಹಾಗೆ ಜೋಪಾನವಾಗಿತ್ತು. "ಇದು ಹೋದ್ಸಾರಿ ಕೊಟ್ಟಿದ್ದು. ದೇವರ ಗೂಡಲ್ಲಿ ಇಟ್ಟಿದ್ದೆ. ನಂಗೆ ಕನ್ನಡ ಬರುತ್ತೆ, ಇದು ಬರಲ್ಲ. ಇದ್ರಲ್ಲಿ ಬರೆದಿತ್ತಾ, ಎಳನೀರು ಬೇಡ ಅಂತ?"

ಪ್ರತಿಭಾ ಅದನ್ನು ತೆಗೆದುಕೊಂಡು ಕೊನೆಯ ಹಾಳೆಗೆ ಬಂದಳು. ನೀರು ದಿನಕ್ಕೆ ಸಾವಿರದಿನ್ನೂರು ಎಂಎಲ್. ಎಳನೀರು, ಜ್ಯೂಸು ಬೇಡ. ದಿನಾ ತೂಕ ನೋಡಿ. ಎಲ್ಲವೂ ಇತ್ತು. ಅದರ ಕೆಳಗೆ, "ಆಹಾರ, ಔಷಧಿ, ಅಪಾಯದ ಲಕ್ಷಣಗಳನ್ನು ಕುಟುಂಬದವರಿಗೆ ಅವರ ಭಾಷೆಯಲ್ಲೇ ವಿವರಿಸಲಾಗಿದೆ" ಎಂಬ ಅರ್ಥದ ಇಂಗ್ಲಿಷ್ ಸಾಲು. ಎಡಗಡೆ ಗೌರೀಶನ ಸಹಿ. ಬಲಗಡೆ ಅವಳದು.

ಅವಳು ಎರಡು ಸಾರಿ ನೋಡಿದಳು. ಮೂರನೇ ಮಹಡಿಯ ಸಿಸ್ಟರ್ ರಜೆ ಹಾಕಿದ್ದಾಗ ಹತ್ತು ದಿನ ಅಲ್ಲಿಗೆ ಹೋಗಿದ್ದು ನೆನಪಿತ್ತು. ಒಂದೇ ಬೆಳಿಗ್ಗೆ ಏಳೆಂಟು ಡಿಸ್ಚಾರ್ಜ್ ಇರುತ್ತಿದ್ದ ದಿನಗಳು. ಫೋನು ಕಿವಿಗಿಟ್ಟುಕೊಂಡೇ ಯಾರೋ ಸಹಿ ಹಾಕಿದ್ದು ಮಸುಕು ಮಸುಕಾಗಿ ಕಣ್ಣಿಗೆ ಬಂತು. ಆದರೆ ಅಂಥವರು ಎಷ್ಟೋ ಜನ. ಈ ಮುದುಕರಾಗಲಿ, ಗೌರೀಶನಾಗಲಿ ಅವಳಿಗೆ ನೆನಪೇ ಇರಲಿಲ್ಲ.

ಇಲ್ಲ ಅಂದುಬಿಟ್ಟರೆ ಇಲ್ಲಿಗೆ ಮುಗಿಯುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಡಾಕ್ಟರು ಬರೆಯೋಕೆ ಮರೆತಿದ್ದರು ಅಂದರೂ ನಡೆಯುತ್ತಿತ್ತು. ಎದುರಿಗೆ ಕೂತಿದ್ದ ಹೆಂಗಸು ಆ ಇಂಗ್ಲಿಷನ್ನು ಎಂದೂ ಓದುವವಳಲ್ಲ. ಆದರೆ ಹಾಗಂದರೆ ಈಕೆ ನಾನೇ ಕೈಯಾರೆ ಮಾಡಿದೆ ಎನ್ನುವ ಮಾತನ್ನು ಹೊತ್ತುಕೊಂಡೇ ಮನೆಗೆ ಹೋಗುತ್ತಾಳೆ.

"ಬರೆದಿತ್ತಮ್ಮ" ಅಂದಳು.

"ಯಾರಾದ್ರೂ ಹೇಳ್ಬೇಕಿತ್ತಾ ನಮ್ಗೆ?"

"ನಾನು ಹೇಳ್ಬೇಕಿತ್ತು. ಹೇಳಿದೀನಿ ಅಂತ ಕೆಳಗೆ ಸಹಿ ಹಾಕಿರೋಳು ನಾನೇ. ನಿಮ್ ಮಗನಿಗೆ ಅದೇನು ಹೇಳಿದ್ನೋ, ನಂಗೆ ಜ್ಞಾಪಕ ಇಲ್ಲ. ಎಳನೀರಿನ ವಿಷ್ಯ ಬಿಡಿಸಿ ಹೇಳಿರಲ್ಲ ಅನ್ಸುತ್ತೆ. ನಿಮ್ಮನ್ನ ಕರೆದು ಕೇಳ್ಲಂತೂ ಇಲ್ಲ. ತಿಳೀದೇ ಮಾಡಿದ್ದು ನಿಮ್ ತಪ್ಪಲ್ಲ ಅಮ್ಮ. ತಿಳಿಸ್ದೇ ಇದ್ದಿದ್ದು ನನ್ ತಪ್ಪು."

ವಿಶಾಲಮ್ಮ ಬಹಳ ಹೊತ್ತು ಅವಳನ್ನೇ ನೋಡಿದರು. ಆ ನೋಟ ತಡೆಯಲಾರದೆ ಪ್ರತಿಭಾ ಹಾಳೆಯ ಕಡೆ ಕಣ್ಣು ತಗ್ಗಿಸಿದಳು. ಆಮೇಲೆ ವಿಶಾಲಮ್ಮ ಎದ್ದು ಹಾಸಿಗೆಯ ಇನ್ನೊಂದು ಪಕ್ಕಕ್ಕೆ ಹೋಗಿ ಗಂಡನ ಹೊದಿಕೆ ಸರಿಮಾಡಿದರು. ಸರಿಯಾಗಿಯೇ ಇದ್ದ ಹೊದಿಕೆಯನ್ನು ಮತ್ತೆ ಮತ್ತೆ ಎಳೆದು ಎಳೆದು ಸರಿಮಾಡುತ್ತಲೇ ಇದ್ದರು.

ಅಷ್ಟರಲ್ಲಿ ಗೌರೀಶ್ ಬಂದ. ಅಮ್ಮನ ಮುಖ, ಸಿಸ್ಟರ ಮುಖ ನೋಡಿ, "ಏನಾಯ್ತು?" ಅಂದ. ಪ್ರತಿಭಾ ಅವನಿಗೂ ಹೇಳಿದಳು, ಒಂದು ಮಾತೂ ಮುಚ್ಚದೆ. ಅವನು ಸಿಡಿದುಬಿದ್ದ.

"ಅಂದ್ರೆ ಮೂರು ತಿಂಗಳು ನಾವು ಮನೇಲಿ ಕೂತ್ಕೊಂಡು ನಮ್ಮಪ್ಪನಿಗೆ ವಿಷ ಕೊಟ್ವಾ? ಸಹಿ ಹಾಕಿಸ್ಕೊಳ್ಳೋವಾಗ ನಿಮಗೆ ಬಾಯಿರ್ಲಿಲ್ವಾ? ಎಷ್ಟು ಜನರಿಗೆ ಹಿಂಗೆ ಮಾಡಿದೀರ? ನಾನು ಸುಮ್ನೆ ಬಿಡಲ್ಲ ಇದನ್ನ!"

ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. "ದೂರು ಕೊಡಿ ಸಾರ್. ಕೊಡ್ಬೇಕು" ಅಂದಳು ಪ್ರತಿಭಾ. ಅವನಿಗೆ ಅದರಿಂದ ಇನ್ನಷ್ಟು ರೇಗಿತು. ಮತ್ತೇನೋ ಅನ್ನಲು ಬಾಯಿ ತೆರೆದವನು, ಹಾಸಿಗೆಯ ಮೇಲಿದ್ದ ಹಳೆಯ ಹಾಳೆಯಲ್ಲಿ ತನ್ನ ಸಹಿ ಕಂಡು ನಿಂತುಬಿಟ್ಟ. ಆ ದಿನ ಅಂಗಡಿಗೆ ಮಾಲು ಬಂದು ಇಳಿಯುತ್ತಿತ್ತು, ತಾನು ಫೋನಿನಲ್ಲಿದ್ದೆ, ಸಿಸ್ಟರ್ ಏನೋ ಹೇಳುತ್ತಿದ್ದಾಗ ಓಕೆ ಓಕೆ ಅಂದು ಗೀಚಿದ್ದೆ ಅನ್ನುವುದು ಅವನಿಗೂ ನೆನಪಾಗಿರಬೇಕು. ಕಿಟಕಿಯ ಕಡೆ ತಿರುಗಿ ಕಣ್ಣು ಒತ್ತಿಕೊಂಡ.

"ಗೌರೀಶ, ಕೂಗ್ಬೇಡ." ವಿಶಾಲಮ್ಮ ಮತ್ತೆ ಸ್ಟೂಲಿನ ಎದುರು ಬಂದು ಕೂತರು. "ಇನ್ನೂ ಎಷ್ಟಿದೆ ಕಾಗದದಲ್ಲಿ? ಪೂರ್ತಿ ಓದು. ಒಂದಕ್ಷರ ಬಿಡ್ಬೇಡ."

ಪ್ರತಿಭಾ ಓದಿದಳು. ಬೆಳಿಗ್ಗೆ ಎದ್ದು ಒಂದಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ದಿನಾ ಒಂದೇ ಹೊತ್ತಿಗೆ ತೂಕ. ಒಂದು ದಿನಕ್ಕೆ ಒಂದು ಕೆಜಿ, ಇಲ್ಲವೇ ಮೂರು ದಿನಕ್ಕೆ ಎರಡು ಕೆಜಿ ಏರಿದರೆ ಅದು ಊಟದ ತೂಕವಲ್ಲ, ನೀರಿನ ತೂಕ, ಆವತ್ತೇ ಫೋನ್ ಮಾಡಬೇಕು. ಮಲಗಿದರೆ ಉಸಿರು ಸಿಗದಿದ್ದರೆ, ಒಂದಕ್ಕೆ ಹೋಗುವುದು ಕಮ್ಮಿಯಾದರೆ, ಮಾತಾಡಿಸಿದರೆ ಮಂಪರಿನಲ್ಲಿದ್ದರೆ, ಎದೆನೋವು ಬಂದರೆ ಕಾಯಬಾರದು, ಕರೆತರಬೇಕು. ವಾರ ಬಿಟ್ಟು ರಕ್ತ ಪರೀಕ್ಷೆ. ಒಂದೊಂದು ಮುಗಿದಾಗಲೂ ವಿಶಾಲಮ್ಮನಿಂದ ಅದನ್ನು ಹೇಳಿಸಿದಳು. ಎರಡು ಕಡೆ ಅವರು ತಪ್ಪಿದರು. ಎರಡು ಕಡೆಯೂ ಮತ್ತೆ ಮೊದಲಿನಿಂದ ಹೇಳಿದಳು.

"ಆಯ್ತಾ?" ಕೇಳಿದರು ವಿಶಾಲಮ್ಮ.

"ಒಂದು ಸಾಲಿದೆ" ಅಂದಳು ಪ್ರತಿಭಾ.

ಗೌರೀಶ್ ಥಟ್ಟನೆ ಈ ಕಡೆ ತಿರುಗಿದ. ಬೇಡ ಎಂದು ಕಣ್ಣಲ್ಲೇ ಹೇಳಿದ. ಆ ಸಾಲಿನಲ್ಲಿ, ರೋಗಿಯ ಮುಂದಿನ ಸ್ಥಿತಿ ಭರವಸೆ ಕೊಡುವಂತಿಲ್ಲ, ಅದನ್ನು ಮಗನಿಗೆ ತಿಳಿಸಲಾಗಿದೆ ಎಂದಿತ್ತು. "ಅದನ್ನ ನಾನು ಹೇಳೋ ಹಂಗಿಲ್ಲಮ್ಮ. ಡಾಕ್ಟ್ರನ್ನ ಕರೀತೀನಿ. ಆದ್ರೆ ಮೊದ್ಲು ಯಜಮಾನ್ರನ್ನ ಕೇಳ್ಬೇಕು, ಅವ್ರ ವಿಷ್ಯ ಅದು."

ಮಾಯಣ್ಣ ಕಣ್ಣು ತೆರೆದಿದ್ದರು. ಯಾವಾಗಿನಿಂದ ಕೇಳಿಸಿಕೊಳ್ಳುತ್ತಿದ್ದರೋ. "ಕರೀರಿ" ಅಂದರು. "ನನ್ ವಿಷ್ಯಾನ ನನ್ ತಲೆ ಮೇಲೇ ಮಾತಾಡ್ಕೊಂಡ್ರೆ ಹೆಂಗೆ? ನಾನೂ ಕೇಳ್ತೀನಿ. ಇವ್ಳೂ ಕೇಳ್ಲಿ."

ಶ್ರೀಹರಿ ಬಂದಾಗ ಒಪಿಡಿಯಲ್ಲಿ ಇನ್ನೂ ಜನ ಕಾಯುತ್ತಿದ್ದರು. ಪ್ರತಿಭಾ ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಹೇಳಿದಳು. ಅವರು ಹಣೆ ಒತ್ತಿಕೊಂಡರು. ಆಮೇಲೆ ಹಾಸಿಗೆಯ ಅಂಚಿನಲ್ಲೇ ಕೂತು ಮಾಯಣ್ಣನ ಕೈ ಹಿಡಿದುಕೊಂಡರು.

"ಬೆಳಿಗ್ಗೆ ನಾನು ಸ್ಟೇಬಲ್ ಅಂದೆ. ಅಂದ್ರೆ ಇವತ್ತಿಗೆ ಉಸಿರು, ಬಿಪಿ ಎಲ್ಲಾ ಒಂದು ಹದದಲ್ಲಿದೆ ಅಂತ ಅಷ್ಟೇ. ವಾಸಿ ಆಯ್ತು ಅಂತಲ್ಲ. ಬಿಡಿಸಿ ಹೇಳ್ಬೇಕಿತ್ತು. ನಿಮ್ ಹೃದಯ ಮೊದ್ಲಿನ ಥರ ರಕ್ತ ತಳ್ತಿಲ್ಲ, ತುಂಬಾ ಸೋತಿದೆ. ಕಿಡ್ನಿನೂ ಜೊತೇಲಿ ಸೋತಿದೆ. ಎರಡ್ರಲ್ಲಿ ಒಂದಕ್ಕೆ ಒಳ್ಳೇದಾಗೋ ಔಷಧಿ ಇನ್ನೊಂದಕ್ಕೆ ಕಷ್ಟ. ಆಪರೇಷನ್, ಡಯಾಲಿಸಿಸ್ ತಡ್ಕೊಳ್ಳೋ ಶಕ್ತಿ ದೇಹಕ್ಕಿಲ್ಲ. ಉಸಿರಾಟ ಹಗುರವಾಗಿ, ಸಂಕಟ ಇಲ್ದೇ ಇರೋ ಹಾಗೆ ನೋಡ್ಕೊಳ್ಳೋಕೆ ನಮ್ ಕೈಲಾಗುತ್ತೆ. ಹೃದಯಾನ ಮೊದ್ಲಿನ ಥರ ಮಾಡೋಕಾಗಲ್ಲ."

"ಎಷ್ಟು ದಿನ?" ವಿಶಾಲಮ್ಮ ಕೇಳಿದರು.

"ದಿನ ಹೇಳೋಕೆ ನನ್ ಕೈಲಾಗಲ್ಲಮ್ಮ. ಕೆಲವು ತಿಂಗಳು ಇರ್ಬಹುದು. ಅಷ್ಟೂ ಆಗ್ದೇ ಇರ್ಬಹುದು."

"ಎಳನೀರು ಕೊಟ್ಟಿದ್ದಕ್ಕಾ?"

ಇದಕ್ಕೆ ಅವರು ತಡೆದು, ಮಾತು ಆರಿಸಿಕೊಂಡು ಉತ್ತರ ಕೊಟ್ಟರು. "ಹೃದಯ ಸೋತಿದ್ದು ಹಳೇ ಹಾರ್ಟ್ ಅಟ್ಯಾಕಿನಿಂದ, ಆರು ವರ್ಷದ ಹಿಂದಿನದು. ಈ ಸಾರಿ ಇಷ್ಟು ಜೋರಾಗಿ ಆಸ್ಪತ್ರೆಗೆ ತಂದಿದ್ದು ನೀರು, ಎಳನೀರು, ಆ ಮಂಡಿನೋವಿನ ಮಾತ್ರೆ, ನಾವು ಕೊಟ್ಟ ಬಿಳೀ ಮಾತ್ರೆ, ಎಲ್ಲಾ ಸೇರಿ. ಅದಿಲ್ದಿದ್ರೂ ಒಂದಿನ ಇಲ್ಲಿಗೇ ಬರ್ತಿತ್ತು. ಸ್ವಲ್ಪ ತಡವಾಗಿ ಬರ್ತಿತ್ತೇನೋ. ಎಷ್ಟು ತಡ ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ."

ವಿಶಾಲಮ್ಮ ಆಗ ಅತ್ತರು. ಸದ್ದು ಮಾಡಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗುವ ಹಾಗೆ ಅತ್ತರು. ಮಾಯಣ್ಣ ಡಾಕ್ಟರ ಹಿಡಿತದಿಂದ ಕೈ ಬಿಡಿಸಿಕೊಂಡು ಹೆಂಡತಿಯ ಮೊಣಕೈ ಮುಟ್ಟಿದರು. "ಏಯ್, ವಿಶಾಲೂ" ಅಂದರು. "ನಾನು ಕುಡಿದಿದ್ದು ಬಾಯಿಗೆ ರುಚಿ ಇತ್ತು ಅಂತ. ನೀನು ಬೈತೀಯ ಅಂತ ಅಲ್ಲ ಕಣೆ." ಮಗನ ಮುಂದೆ, ಡಾಕ್ಟರ ಮುಂದೆ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲಿರಬೇಕು. ಗೌರೀಶ್ ಹೊರಗೆ ಹೋಗಿಬಿಟ್ಟ.

ಅವರು ಹೊರಡುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಅಷ್ಟರಲ್ಲಿ ಪ್ರತಿಭಾ ಊಟಕ್ಕೆ ಹೋಗದೆ, ಎಲ್ಲವನ್ನೂ ಎರಡು ಬಿಳಿ ಹಾಳೆಯಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಯಾವುದು ನಿಲ್ಲಿಸಿದ್ದು, ಯಾವಾಗ ಫೋನು. ಬಾಯಾರಿಕೆ ತಡೆಯದಾದರೆ ಬಾಯಿ ಮುಕ್ಕಳಿಸಿ ಉಗುಳುವುದು, ಒಂದು ಚೂರು ಐಸು ಚೀಪುವುದು, ಅದನ್ನೂ ಆರು ಲೋಟದ ಲೆಕ್ಕಕ್ಕೇ ಹಿಡಿಯುವುದು. ವಿಶಾಲಮ್ಮ ಹಾಳೆ ತೆಗೆದುಕೊಂಡು ಅಲ್ಲೇ ನಿಂತು, ತುಟಿ ಆಡಿಸುತ್ತ ಪೂರ್ತಿ ಓದಿದರು. ಬರುತ್ತೇನೆ ಎಂದು ಹೇಳದೆ ಗಾಲಿಕುರ್ಚಿಯ ಹಿಂದೆ ನಡೆದು ಹೋದರು.

ಆವತ್ತು ಸಂಜೆ ಪ್ರತಿಭಾ ನರ್ಸಿಂಗ್ ಸೂಪರಿಂಟೆಂಡೆಂಟ್ ಭಾಗೀರಥಮ್ಮನವರ ಕೋಣೆಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟಳು. ಅವರು ಓದಿ, ಕನ್ನಡಕ ತೆಗೆದು, "ನಿನ್ ಮೇಲೆ ನೀನೇ ಬರ್ಕೊಡ್ತಾ ಇದೀಯಲ್ಲೇ. ಅವ್ರೇ ಇನ್ನೂ ದೂರು ಕೊಟ್ಟಿಲ್ಲ" ಅಂದರು.

"ಅವ್ರು ಕೊಡ್ಲಿ ಬಿಡ್ಲಿ ಮೇಡಂ. ಆ ಸಾಲಿನ ಕೆಳಗೆ ನಾನು ಇನ್ನೆಷ್ಟು ಸಹಿ ಹಾಕಿದೀನೋ, ನಂಗೇ ಗೊತ್ತಿಲ್ಲ."

ವಿಚಾರಣೆ ನಡೆಯಿತು. ಪ್ರತಿಭಾಳ ಫೈಲಿಗೆ ಒಂದು ಮೆಮೋ ಸೇರಿತು. ಮನೆಯಲ್ಲಿ ರೋಗಿಯನ್ನು ನಿಜವಾಗಿ ನೋಡಿಕೊಳ್ಳುವವರು ಯಾರು ಎಂದು ಕೇಳಿ ಅವರಿಗೇ ಸಮರಿ ತಿಳಿಸಬೇಕು, ಅವರ ಬಾಯಿಂದ ಹೇಳಿಸಬೇಕು ಎಂದು ಸುತ್ತೋಲೆ ಬಂತು. ಮೊದಲ ತಿಂಗಳು ಎಲ್ಲರೂ ಪಾಲಿಸಿದರು. ಆಮೇಲೆ ಬಿಡುವಿದ್ದವರು ಪಾಲಿಸಿದರು. ಪ್ರತಿಭಾ ಮಾತ್ರ ಸ್ಟೂಲು ಎಳೆದು ಕೂರುವುದನ್ನು ಬಿಡಲಿಲ್ಲ. ಅದರಿಂದ ಅವಳ ಡ್ಯೂಟಿ ದಿನಾ ಒಂದು ಗಂಟೆ ತಡವಾಗಿ ಮುಗಿಯುತ್ತಿತ್ತು.

ಡಿಸ್ಚಾರ್ಜಾದ ಮಾರನೇ ದಿನ ಬೆಳಿಗ್ಗೆ ಎಂಟೂಕಾಲಿಗೆ ವಾರ್ಡಿನ ಫೋನು ಬಡಿದುಕೊಂಡಿತು. "ಐವತ್ತೇಳೂವರೆ" ಅಂದಿತು ವಿಶಾಲಮ್ಮನ ದನಿ. ಅಷ್ಟೇ, ಇಟ್ಟುಬಿಟ್ಟರು. ಗೌರೀಶ್ ತೂಕದ ಯಂತ್ರ ತಂದುಕೊಟ್ಟಿದ್ದನಂತೆ. ಹೀಗೆ ದಿನಾ ಫೋನು ಬಂತು. ಐವತ್ತೇಳು ಮುಕ್ಕಾಲು. ಐವತ್ತೆಂಟು. ಹೇಗಿದ್ದೀರಿ ಅನ್ನುವುದಿಲ್ಲ, ಇವಳು ಕೇಳಿದ್ದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಮೂರನೇ ವಾರ ಒಂದು ದಿನ ಐವತ್ತೊಂಬತ್ತೂವರೆ ಅಂದಾಗ ಪ್ರತಿಭಾ ಅವತ್ತೇ ಕರೆಸಿದಳು. ಶ್ರೀಹರಿ ಮಾತ್ರೆ ಬದಲಿಸಿ, ಸಂಜೆಯೇ ಮನೆಗೆ ಕಳಿಸಿದರು. ಆ ದಿನವೂ ವಿಶಾಲಮ್ಮ ಅವಳ ಹತ್ತಿರ ಬೇಕಾದಷ್ಟೇ ಮಾತಾಡಿದರು.

ಆರನೇ ವಾರದಿಂದ ತೂಕ ಏರದಿದ್ದರೂ ಮಾಯಣ್ಣ ಸೊರಗತೊಡಗಿದರು. ಊಟ ಸೇರುತ್ತಿರಲಿಲ್ಲ, ಹಗಲೆಲ್ಲ ನಿದ್ದೆ. ಮತ್ತೆ ಐಸಿಯು ಬೇಡ, ಮನೆಯಲ್ಲೇ ಇರುತ್ತೇನೆ ಎಂದು ಅವರೇ ಶ್ರೀಹರಿಗೆ ಹೇಳಿದರು. ಶ್ರೀಹರಿ ಉಸಿರಿನ ಸಂಕಟಕ್ಕೆ ಔಷಧಿ ಬರೆದುಕೊಟ್ಟು, ಮನೆಗೇ ಬಂದು ನೋಡುವ ನರ್ಸನ್ನು ಗೊತ್ತುಮಾಡಿದರು. ಒಂಬತ್ತನೇ ವಾರ, ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ಫೋನು ಬಂತು. ಈ ಸಾರಿ ಗೌರೀಶ್ ಮಾತಾಡಿದ. "ಸಿಸ್ಟರ್, ಅಪ್ಪ ಹೋಗ್ಬಿಟ್ರು. ಆರು ಗಂಟೆಗೆ. ಅಮ್ಮ ನಿಮಗೆ ಹೇಳು ಅಂದ್ರು."

ಹನ್ನೊಂದನೇ ದಿನದ ಕಾರ್ಯಕ್ಕೆ ಪ್ರತಿಭಾ ಶ್ರೀರಾಂಪುರಕ್ಕೆ ಹೋದಳು. ಹೋಗುವುದೋ ಬೇಡವೋ ಎಂದು ಬಸ್ಸಿನಲ್ಲಿ ಕೂತ ಮೇಲೂ ತೀರ್ಮಾನವಾಗಿರಲಿಲ್ಲ. ಕಿರಿದಾದ ರಸ್ತೆಗೆ ಶಾಮಿಯಾನ ಹಾಕಿದ್ದರು. ಗೌರೀಶ್ ಬೋಳಿಸಿದ ತಲೆಯಲ್ಲಿ ಎದುರು ಬಂದು, "ಬನ್ನಿ" ಎಂದು ಒಳಗೆ ಕರೆದ. ದೂರು ಅವನು ಕೊನೆಗೂ ಕೊಟ್ಟಿರಲಿಲ್ಲ. ಯಾಕೆ ಅನ್ನುವುದನ್ನು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಜನ ಊಟಕ್ಕೆ ಎದ್ದ ಮೇಲೆ ಒಳಕೋಣೆಯಲ್ಲಿ ವಿಶಾಲಮ್ಮ ಒಬ್ಬರೇ ಚಾಪೆಯ ಮೇಲೆ ಕೂತಿದ್ದರು. ಪ್ರತಿಭಾ ಎದುರಿಗೆ ಹೋಗಿ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಾವು ಕಂಡಿದ್ದರೂ ಯಾವ ಸಾವಿನ ಮನೆಗೂ ಅವಳು ಹೋದದ್ದಿರಲಿಲ್ಲ.

"ನಿನ್ ಮೇಲೆ ನಂಗೆ ಸಿಟ್ಟು ಹೋಗಿಲ್ಲ" ಅಂದರು ವಿಶಾಲಮ್ಮ. "ಹೋಗುತ್ತೋ ಇಲ್ವೋ, ಗೊತ್ತಿಲ್ಲ. ನನ್ ಮೇಲೂ ಅಷ್ಟೇ ಇದೆ."

"ಇರ್ಲಿ ಅಮ್ಮ."

"ಆದ್ರೆ ಅವತ್ತು ನೀನು ಇಲ್ಲ ಅಂದಿದ್ರೆ, ನಾನೊಬ್ಳೇ ಇದನ್ನ ಇಟ್ಕೊಂಡು ಸಾಯ್ತಿದ್ದೆ. ಈ ಎರಡು ತಿಂಗಳು ಅವ್ರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಮಾತಾಡ್ಕೊಂಡ್ವಿ. ಯಾರಿಗೆ ಏನು ಕೊಡ್ಬೇಕು, ಊರಲ್ಲಿ ಯಾರನ್ನ ನೋಡ್ಬೇಕು. ಐವತ್ತು ವರ್ಷದಲ್ಲಿ ಆಡ್ದೇ ಇರೋ ಮಾತೆಲ್ಲಾ ಆಡಿದ್ವಿ." ಹೊರಗೆ ಎಲೆ ಹಾಸುವವರ ಸದ್ದು ಕೇಳುತ್ತಿತ್ತು. "ಒಂದು ಕೇಳ್ತೀನಿ. ಆಸ್ಪತ್ರೇಲಿದ್ದಾಗ ನಾನು ಸ್ನಾನಕ್ಕೆ ಅಂತ ದಿನಾ ಮನೆಗೆ ಬರ್ತಿದ್ನಲ್ಲ, ಒಂದೆರಡು ಗಂಟೆ. ಆಗ ಅವ್ರು ನಿನ್ ಹತ್ರ ಮಾತಾಡ್ತಿದ್ರಾ?"

"ಆಡ್ತಿದ್ರು."

"ಏನು?"

ಪ್ರತಿಭಾ ನೆನಪು ಮಾಡಿಕೊಂಡಳು. ಮಾತ್ರೆ ಕೊಡುವಾಗ, ಬಿಪಿ ನೋಡುವಾಗ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡ ಮಾತುಗಳು. "ಮಿಲ್ಲಿನ ವಿಷ್ಯ ಹೇಳ್ತಿದ್ರು. ಮಗ್ಗಗಳ ಸದ್ದಿಗೆ ಒಬ್ರ ಮಾತು ಒಬ್ರಿಗೆ ಕೇಳ್ತಿರ್ಲಿಲ್ವಂತೆ. ಅದಕ್ಕೆ ಎಲ್ರೂ ತುಟಿ ನೋಡಿ ಮಾತು ತಿಳ್ಕೊಳ್ಳೋದು ಕಲಿತಿದ್ರಂತೆ. ಮದ್ವೆ ಆದ ಹೊಸತ್ರಲ್ಲಿ ನೀವು ಅಡಿಗೆ ಮನೇಲಿ ಒಬ್ರೇ ಗೊಣಗ್ತಿದ್ರಂತೆ, ಅವ್ರು ನಡುಮನೇಲಿ ಕೂತ್ಕೊಂಡು ನಿಮ್ ತುಟಿ ನೋಡಿ ಎಲ್ಲಾ ಓದ್ಕೊಳ್ತಿದ್ರಂತೆ. ಅವ್ಳಿಗೆ ಇವತ್ತಿಗೂ ಗೊತ್ತಿಲ್ಲ ಅಂತ ನಗ್ತಿದ್ರು."

ವಿಶಾಲಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. "ನಂಗೆ ಹೇಳೇ ಇಲ್ಲ" ಅಂದರು. ಕಣ್ಣು ತುಂಬಿತ್ತು. ಚಾಪೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಇತ್ಲಾಗೆ ಬಾ, ಗೋಡೆಗೆ ಒರಗಿ ಕೂತ್ಕೊ. ಇನ್ನೇನು ಹೇಳಿದ್ರು, ಹೇಳು."

ಪ್ರತಿಭಾ ಪಕ್ಕಕ್ಕೆ ಹೋಗಿ ಕೂತು, ನೆನಪಾದದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು.